ಅಪ್‌ಡೇಟ್: ಒಟಿಪಿ ಬಾರದಿದ್ದುದರ ಕಾರಣ ತಿಳಿಯಿತು

ನನ್ನ ಪ್ರಶ್ನೆ: ಪುಣೆಯಲ್ಲಿರುವ ಮಾವನವರ ಫೋನಿಗೆ ಬೇರೆಲ್ಲ ಸಂದೇಶಗಳು ಬರುತ್ತಿದ್ದರೂ ಒಂದು ಆ್ಯಪ್‌ನ ಒಟಿಪಿ ಮಾತ್ರ ಬರುತ್ತಿಲ್ಲ, ಏಕೆ?

ಅಪ್‌ಡೇಟ್: ಫೋನು ಅಮೆರಿಕದಿಂದ ತಂದದ್ದಾಗಿದ್ದು, ಅದರ ಪ್ರದೇಶದ ಸೆಟ್ಟಿಂಗ್ ಬದಲಾಗದೆ ಉಳಿದಿದ್ದರಿಂದ ಆ್ಯಪ್ ತಾನಾಗಿಯೇ `+1` ಎಂಬ ದೇಶದ ಕೋಡನ್ನು ಆರಿಸಿಕೊಂಡಿತ್ತು. ಅಲ್ಲಿಯ ಸಂಖ್ಯೆಗಳಿಗೂ ನಮ್ಮಂತೆಯೇ 10 ಅಂಕಿಗಳಿರುವುದರಿಂದ ಆ್ಯಪ್ ಯಾವ ತಕರಾರನ್ನೂ ತೋರಿಸದೆ ಒಟಿಪಿಯನ್ನು ಕಳುಹಿಸುತ್ತಿತ್ತು. ಅದು ಅಲ್ಲಿ ಯಾರ ಕೈ ಸೇರಿತೋ ತಿಳಿಯದು.

`+91` ಆರಿಸಿದ ಮೇಲೂ ಒಟಿಪಿ ಬರಲಿಲ್ಲ, ಏಕೆಂದರೆ ಸಂಪರ್ಕ ಪಟ್ಟಿಯಿಂದ ನಕಲಿಸಿದ ಸಂಖ್ಯೆಯ ಮುಂದೆ ಸೊನ್ನೆಯಿತ್ತು. ಆ ಸೊನ್ನೆ ದೇಶದೊಳಗೆ ಡಯಲ್ ಮಾಡುವಾಗಿನ ಪೂರ್ವಾಂಕವಷ್ಟೇ (2021ರ ಜನವರಿಯಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡಲು ಅದು ಕಡ್ಡಾಯ). ದೇಶದ ಕೋಡಿನ ನಂತರ ಅದಕ್ಕೆ ಸ್ಥಾನವಿಲ್ಲ. ಕೆಲವು ಆ್ಯಪ್‌ಗಳು ಅದನ್ನು ತಾವೇ ತೆಗೆದುಹಾಕುತ್ತವೆ, ಇದು ತೆಗೆಯಲಿಲ್ಲ.

```
ತಪ್ಪು: +1 98XXXXXXXX
ತಪ್ಪು: +91 098XXXXXXXX
ಸರಿ:   +91 98XXXXXXXX
```

ಒಟಿಪಿ ಕೇಳುವ ಪರದೆಯಲ್ಲೇ ಅದು ಯಾವ ಸಂಖ್ಯೆಗೆ ಹೋಗಿದೆ ಎಂಬುದು ಪೂರ್ತಿಯಾಗಿ ಕಾಣುತ್ತಿತ್ತು. ‘ಮತ್ತೆ ಕಳುಹಿಸಿ’ ಎಂಬುದನ್ನು ಒತ್ತಿದರೆ ಅದೇ ಸಂಖ್ಯೆಗೇ ಹೋಗುತ್ತದೆ, ಪದೇಪದೇ ಒತ್ತಿದರೆ ಕೆಲಕಾಲ ತಡೆಯೂ ಬೀಳಬಹುದು. ಹಿಂದಿನ ಪರದೆಗೆ ಮರಳಿ ಸಂಖ್ಯೆಯನ್ನು ತಿದ್ದಿದ ಕೂಡಲೇ ಒಟಿಪಿ ಬಂದಿತು.