ಎಫ್‌ಡಿಗೆ ಹೆಂಡತಿಯ ಹೆಸರು ಸೇರಿಸುವುದು: ‘ಐದರ್ ಆರ್ ಸರ್ವೈವರ್’ ಎಲ್ಲಿಯವರೆಗೆ ನಡೆಯುತ್ತದೆ?

ಪ್ರಶ್ನೆ – ಮಂಜುನಾಥ

ಒಂದೇ ಶಾಖೆಯಲ್ಲಿ ನನ್ನೊಬ್ಬನ ಹೆಸರಿನಲ್ಲಿ ಉಳಿತಾಯ ಖಾತೆ ಮತ್ತು ಮೂರು ವರ್ಷದ 8 ಲಕ್ಷದ ಎಫ್‌ಡಿ ಇದೆ. ಎರಡಕ್ಕೂ ಅಮ್ಮ ನಾಮಿನಿ. ಈಗ ಹೆಂಡತಿಯ ಹೆಸರು ಸೇರಿಸಬೇಕು. ಅರ್ಜಿಯಲ್ಲಿ ಐದರ್ ಆರ್ ಸರ್ವೈವರ್, ಫಾರ್ಮರ್ ಆರ್ ಸರ್ವೈವರ್, ಜಾಯಿಂಟ್ಲಿ ಅಂತ ಮೂರು ನಾಲ್ಕು ಚೌಕ ಇದೆ. ನನಗೇನಾದರೂ ಆದರೆ ಅವಳು ಬ್ಯಾಂಕಿಗೆ ಅಲೆಯುವಂತಾಗಬಾರದು. ಯಾವುದಕ್ಕೆ ಟಿಕ್ ಹಾಕಲಿ?

ರಾಘು

ಐದರ್ ಆರ್ ಸರ್ವೈವರ್ ಹಾಕಿ, ಮುಗೀತು. ಇಬ್ಬರಲ್ಲಿ ಯಾರು ಸಹಿ ಹಾಕಿದರೂ ದುಡ್ಡು ತೆಗೆಯಬಹುದು, ಬೇಕಾದರೆ ಎಫ್‌ಡಿನೂ ಮುರಿಸಬಹುದು. ಒಬ್ಬರು ಹೋದರೆ ಉಳಿದದ್ದೆಲ್ಲ ಇನ್ನೊಬ್ಬರದ್ದು.

ವಸಂತಾ (ನಿವೃತ್ತ ಬ್ಯಾಂಕ್ ಅಧಿಕಾರಿ)

ರಾಘು ಅವರೇ, ಉಳಿತಾಯ ಖಾತೆಯ ಮಟ್ಟಿಗೆ ನೀವು ಹೇಳಿದ್ದು ಸರಿ. ಎಫ್‌ಡಿ ವಿಷಯದಲ್ಲಿ ಅರ್ಧ ಮಾತ್ರ ಸರಿ, ಜನ ಸಿಕ್ಕಿಬೀಳುವುದೂ ಅಲ್ಲೇ.

ಮಂಜುನಾಥ್, ನಿಮ್ಮ ಉಳಿತಾಯ ಖಾತೆಗೆ ಐದರ್ ಆರ್ ಸರ್ವೈವರ್ ಹಾಕಿ. ಚೆಕ್, ಎಟಿಎಂ ಕಾರ್ಡ್, ಮೊಬೈಲ್ ಬ್ಯಾಂಕಿಂಗ್ ಇಬ್ಬರಿಗೂ ಬೇರೆ ಬೇರೆಯಾಗಿ ಸಿಗುತ್ತದೆ. ಫಾರ್ಮರ್ ಆರ್ ಸರ್ವೈವರ್ ಹಾಕಿದರೆ ಮೊದಲ ಹೆಸರಿನವರು, ಅಂದರೆ ನೀವು, ಬದುಕಿರುವವರೆಗೆ ನಿಮ್ಮ ಸಹಿ ಮಾತ್ರ ನಡೆಯುತ್ತದೆ. ನಿಮ್ಮ ನಂತರವೇ ಅವರ ಸರದಿ. ಬರೀ ಜಾಯಿಂಟ್ಲಿ ಹಾಕಿದರೆ ಪ್ರತಿ ಚೆಕ್ಕಿಗೂ ಎರಡು ಸಹಿ ಬೇಕು, ಕಾರ್ಡ್ ಸಾಮಾನ್ಯವಾಗಿ ಕೊಡುವುದಿಲ್ಲ. ಅದರಲ್ಲಿ ಸರ್ವೈವರ್ ಎಂಬ ಮಾತೇ ಇಲ್ಲದ್ದರಿಂದ ಒಬ್ಬರು ತೀರಿಕೊಂಡ ದಿನವೇ ಖಾತೆ ನಿಲ್ಲುತ್ತದೆ, ಅವರ ವಾರಸುದಾರರೂ ಬರಬೇಕಾಗುತ್ತದೆ. ಗಂಡ ಹೆಂಡತಿಯ ಮನೆಖರ್ಚಿನ ಖಾತೆಗೆ ಅದು ಬೇಡ.

ಎಫ್‌ಡಿಗೂ ಐದರ್ ಆರ್ ಸರ್ವೈವರ್ ಹಾಕಬಹುದು. ಆದರೆ ಅವಧಿ ಮುಗಿದ ದಿನಕ್ಕೂ ಅವಧಿಗೆ ಮುಂಚಿನ ದಿನಕ್ಕೂ ನಿಯಮ ಬೇರೆ. ಅವಧಿ ಮುಗಿದಾಗ ಇಬ್ಬರಲ್ಲಿ ಒಬ್ಬರ ಸಹಿ ಸಾಕು. ಅವಧಿಗೆ ಮುಂಚೆ ಮುರಿಸುವುದಾದರೆ ಇಬ್ಬರ ಸಹಿಯನ್ನೂ ಕೇಳಬಹುದು, ಮತ್ತು ಶಾಖೆಗಳು ಕೇಳುತ್ತವೆ. ಅಷ್ಟರಲ್ಲಿ ಒಬ್ಬರು ತೀರಿಕೊಂಡಿದ್ದರೆ ಅವರ ಸಹಿಯ ಜಾಗಕ್ಕೆ ಅವರ ವಾರಸುದಾರರ ಒಪ್ಪಿಗೆ ಬೇಕು. ರಿಸರ್ವ್ ಬ್ಯಾಂಕ್ 2012ರ ಆಗಸ್ಟ್‌ನಲ್ಲಿ ಇದನ್ನು ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತು. ಅದೇ ಸುತ್ತೋಲೆಯಲ್ಲಿ ದಾರಿಯನ್ನೂ ಕೊಟ್ಟಿದೆ: ‘ನಮ್ಮಲ್ಲಿ ಒಬ್ಬರು ತೀರಿಕೊಂಡರೆ ಉಳಿದವರು ಅವಧಿಗೆ ಮುಂಚೆಯೂ ಹಣ ಪಡೆಯಬಹುದು’ ಎಂದು ಇಬ್ಬರೂ ಸಹಿ ಮಾಡಿ ಬ್ಯಾಂಕಿಗೆ ಅಧಿಕಾರಪತ್ರ ಕೊಟ್ಟಿರಬೇಕು. ಎಫ್‌ಡಿ ಇಡುವಾಗ ಕೊಡದಿದ್ದರೂ ನಡುವೆ ಯಾವಾಗ ಬೇಕಾದರೂ ಕೊಡಬಹುದು. ಟಿಕ್ ಹಾಕುವ ಚೌಕಕ್ಕಿಂತ ನಿಮಗೆ ಮುಖ್ಯವಾದದ್ದು ಈ ಪತ್ರ.

ನಿಮ್ಮ 8 ಲಕ್ಷವನ್ನೇ ತೆಗೆದುಕೊಳ್ಳೋಣ. ಎಫ್‌ಡಿ 2025ರ ಜೂನ್ 10ಕ್ಕೆ ಶುರುವಾಗಿ 2028ರ ಜೂನ್ 10ಕ್ಕೆ ಮುಗಿಯುತ್ತದೆ, 2027ರ ಜನವರಿಯಲ್ಲಿ ನೀವಿಲ್ಲ ಎಂದಿಟ್ಟುಕೊಳ್ಳಿ. (ಇಂಥ ಲೆಕ್ಕ ಬರೆಯುವುದು ಕಷ್ಟ, ಆದರೆ ಈಗಲೇ ನೋಡಿಕೊಳ್ಳುವುದು ಒಳ್ಳೆಯದು.)

ಅಧಿಕಾರಪತ್ರ ಇದ್ದರೆ ನಿಮ್ಮ ಪತ್ನಿ ಮರಣ ಪ್ರಮಾಣಪತ್ರ, ತಮ್ಮ ಗುರುತಿನ ದಾಖಲೆ ಮತ್ತು ಎಫ್‌ಡಿ ರಸೀದಿ ಕೊಟ್ಟು ಒಬ್ಬರೇ ಹಣ ಪಡೆಯುತ್ತಾರೆ. ಬಡ್ಡಿ ಮೂರು ವರ್ಷದ ದರದಲ್ಲಿ ಸಿಗುವುದಿಲ್ಲ. ಹಣ ನಿಜವಾಗಿ ಇದ್ದ ಒಂದೂವರೆ ವರ್ಷಕ್ಕೆ, ನೀವು ಎಫ್‌ಡಿ ಇಟ್ಟ ದಿನ ಯಾವ ದರ ಇತ್ತೋ ಅದು ಸಿಗುತ್ತದೆ. ಆದರೆ ಮರಣದ ಕಾರಣಕ್ಕೆ ಮುರಿದಾಗ ದಂಡ ಹಿಡಿಯುವಂತಿಲ್ಲ. ಕೌಂಟರಿನಲ್ಲಿ ಅಭ್ಯಾಸಬಲದಿಂದ ಅರ್ಧ ಅಥವಾ ಒಂದು ಪರ್ಸೆಂಟ್ ಕಡಿದುಬಿಡುವುದುಂಟು, ಲೆಕ್ಕದ ಚೀಟಿ ಕೇಳಿ ನೋಡಬೇಕು.

ಪತ್ರ ಇಲ್ಲದಿದ್ದರೆ ನಿಮ್ಮ ವಾರಸುದಾರರೆಲ್ಲರ ಒಪ್ಪಿಗೆ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳು ಮಾತ್ರವಲ್ಲ, ನಿಮ್ಮ ತಾಯಿಯೂ ಮೊದಲ ವರ್ಗದ ವಾರಸುದಾರರು. ಅಂದರೆ ನಿಮ್ಮ ಪತ್ನಿ ತಮ್ಮ ಅತ್ತೆಯ ಸಹಿಯನ್ನೂ ತರಬೇಕು. ಮಕ್ಕಳು ಹದಿನೆಂಟಾಗದವರಾದರೆ ಅವರ ಪರವಾಗಿ ಯಾರು ಒಪ್ಪಬೇಕೆಂದು ಶಾಖೆಯವರು ಕಡತವನ್ನು ಮೇಲಿನ ಕಚೇರಿಗೆ ಕಳಿಸುವ ಸಾಧ್ಯತೆಯೇ ಹೆಚ್ಚು.

ಇದು ಯಾವುದೂ ಆಗದಿದ್ದರೆ 2028ರ ಜೂನ್ 10ರವರೆಗೆ ಕಾಯಬೇಕು. ಆ ದಿನ ಅವರೊಬ್ಬರ ಸಹಿಗೇ ಹಣ ಸಿಗುತ್ತದೆ, ವಾರಸುದಾರರನ್ನು ಕೇಳುವಂತಿಲ್ಲ. ಆದರೆ ತಾನಾಗಿ ನವೀಕರಣ ಆಗುವ ಸೂಚನೆ ಅದರಲ್ಲಿದ್ದರೆ ಜೂನ್ 10 ದಾಟಿದೊಡನೆ ಇನ್ನೊಂದು ಮೂರು ವರ್ಷಕ್ಕೆ ಹೋಗಿ, ಮತ್ತೆ ‘ಅವಧಿಗೆ ಮುಂಚೆ’ ಎಂಬ ಗೋಡೆ ಎದುರಾಗುತ್ತದೆ. ಅವಧಿ ಮುಗಿಯುವ ಮೊದಲೇ ನವೀಕರಣ ಬೇಡವೆಂದು ಬರೆದುಕೊಡಬೇಕು.

ಮಂಜುನಾಥ

ಮೇಡಂ, ಎಫ್‌ಡಿಗೆ ಹೆಸರು ಸೇರಿಸಲು ಅದನ್ನು ಮುರಿದು ಹೊಸದು ಮಾಡಬೇಕು ಅಂತ ಶಾಖೆಯಲ್ಲಿ ಹೇಳಿದರು. ಹೌದಾ? ನಾಮಿನಿ ಅಮ್ಮನ ಕಥೆ ಏನಾಗುತ್ತೆ?

ವಸಂತಾ

ಮುರಿಯಬೇಕಿಲ್ಲ. ಮೊತ್ತ ಮತ್ತು ಅವಧಿ ಬದಲಾಗದಿದ್ದರೆ ಇರುವ ಎಫ್‌ಡಿಗೇ ಹೆಸರು ಸೇರಿಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ರಸೀದಿ ಒಪ್ಪಿಸಿ, ಹೆಸರು ಸೇರಿದ ರಸೀದಿ ಪಡೆಯಿರಿ, ಮುಕ್ತಾಯದ ದಿನ ಹಳೆಯದೇ ಇದೆಯೇ ನೋಡಿ.

ಇಬ್ಬರೂ ಒಟ್ಟಿಗೆ ಹೋಗಿ. ಪತ್ನಿಯ ಆಧಾರ್, ಪ್ಯಾನ್, ಫೋಟೊ ಬೇಕು. ಪ್ಯಾನ್ ಇಲ್ಲದಿದ್ದರೆ ಅದರ ಬದಲು ಕೊಡುವ ಘೋಷಣೆಯ ಫಾರ್ಮ್. ಮದುವೆಗೆ ಮುಂಚಿನ ಇನಿಷಿಯಲ್ ಪ್ಯಾನ್‌ನಲ್ಲಿ, ಗಂಡನ ಹೆಸರು ಆಧಾರ್‌ನಲ್ಲಿ ಇದ್ದರೆ ಅರ್ಜಿ ಅಲ್ಲೇ ಕೂರುತ್ತದೆ, ಮೊದಲು ಅದನ್ನು ಸರಿಮಾಡಿಸಿಕೊಳ್ಳಿ. ಅದೇ ಬ್ಯಾಂಕಿನಲ್ಲಿ ಅವರಿಗೆ ಮೊದಲೇ ಖಾತೆ ಇದ್ದರೆ ಆ ಕಸ್ಟಮರ್ ಐಡಿಯನ್ನೇ ಜೋಡಿಸಲು ಹೇಳಿ.

ಉಳಿತಾಯ ಖಾತೆಗೆ ಹೆಸರು ಸೇರಿಸಿದ ಮಾತ್ರಕ್ಕೆ ಎಫ್‌ಡಿಗೆ ಸೇರುವುದಿಲ್ಲ, ಎರಡಕ್ಕೂ ಬೇರೆ ಅರ್ಜಿ. ಜಂಟಿ ಖಾತೆಯಿಂದ ಮೊಬೈಲ್ ಆ್ಯಪ್‌ನಲ್ಲಿ ಇಟ್ಟ ಎಫ್‌ಡಿ ಒಬ್ಬರ ಹೆಸರಿನಲ್ಲೇ ಆಗಿಬಿಡುವುದೂ ಇದೆ, ರಸೀದಿಯಲ್ಲಿ ಎರಡು ಹೆಸರೂ ವಿಧಾನವೂ ಅಚ್ಚಾಗಿದೆಯೇ ಓದಿ.

ನಾಮಿನೇಷನ್ ಈಗ ಇಬ್ಬರೂ ಸೇರಿ ಹೊಸದಾಗಿ ಬರೆದುಕೊಡಿ. ಜಂಟಿ ಖಾತೆಯ ನಾಮಿನಿಗೆ ಹಕ್ಕು ಬರುವುದು ಇಬ್ಬರೂ ಇಲ್ಲವಾದ ಮೇಲೆ. 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿ ಮಾಡಬಹುದು. ಬಡ್ಡಿಯ ಟಿಡಿಎಸ್ ಮೊದಲ ಹೆಸರಿನವರ ಪ್ಯಾನ್‌ಗೇ ಹೋಗುತ್ತದೆ. ಹಣ ನಿಮ್ಮದಾದ್ದರಿಂದ ಹೆಂಡತಿಯ ಹೆಸರು ಸೇರಿಸಿದಕ್ಕೆ ತೆರಿಗೆ ಹಂಚಿಹೋಗುವುದಿಲ್ಲ.

ಶಾಹಿನಾ

ನಮ್ಮವರು ದುಬೈನಲ್ಲಿದ್ದಾರೆ. ಅವರ ಎನ್‌ಆರ್‌ಇ ಖಾತೆಗೆ ನನ್ನನ್ನು ಐದರ್ ಆರ್ ಸರ್ವೈವರ್ ಆಗಿ ಸೇರಿಸಿ ಅಂದರೆ ಬ್ಯಾಂಕಿನವರು ಆಗಲ್ಲ ಅಂತಾರೆ. ಬೇಕಂತಲೇ ಸತಾಯಿಸ್ತಿದ್ದಾರಾ?

ವಸಂತಾ

ಇಲ್ಲಮ್ಮ, ಅವರು ಸರಿಯಾಗೇ ಹೇಳಿದ್ದಾರೆ. ಊರಲ್ಲಿರುವ ಹತ್ತಿರದ ಸಂಬಂಧಿಯನ್ನು ಎನ್‌ಆರ್‌ಇ ಖಾತೆಗೆ ಫಾರ್ಮರ್ ಆರ್ ಸರ್ವೈವರ್ ಆಗಿ ಮಾತ್ರ ಸೇರಿಸಬಹುದು. ನಿಮ್ಮವರು ಇರುವವರೆಗೆ ನೀವು ಖಾತೆ ನಡೆಸಬೇಕಾದರೆ ಅವರಿಂದ ಪವರ್ ಆಫ್ ಅಟಾರ್ನಿ ಬೇಕು. ಅವರ ಮರಣದೊಂದಿಗೆ ಆ ಪವರ್ ಮುಗಿಯುತ್ತದೆ, ಆಮೇಲೆ ನಿಮ್ಮ ಹಕ್ಕು ಸರ್ವೈವರ್ ಎಂಬುದರಿಂದ ಬರುತ್ತದೆ. ಎರಡೂ ಮಾಡಿಸಿಟ್ಟುಕೊಳ್ಳಿ.

ಲೋಕೇಶ್ (ವಕೀಲ)

ರಾಘು ಅವರ ‘ಉಳಿದದ್ದೆಲ್ಲ ಇನ್ನೊಬ್ಬರದ್ದು’ ಎಂಬ ಮಾತಿಗೆ ಒಂದು ತಿದ್ದುಪಡಿ. ಸರ್ವೈವರ್ ಎಂಬುದು ಬ್ಯಾಂಕ್ ಯಾರಿಗೆ ಕೊಟ್ಟರೆ ತನ್ನ ಜವಾಬ್ದಾರಿ ಮುಗಿಯುತ್ತದೆ ಎಂದು ಹೇಳುತ್ತದೆ ಅಷ್ಟೆ. ಉಳಿದವರು ಹಣ ಪಡೆಯುವುದು ವಾರಸುದಾರರ ಪರವಾಗಿ. ನ್ಯಾಯಾಲಯದ ತಡೆ ಇಲ್ಲದಿದ್ದರೆ ಬ್ಯಾಂಕ್ ಕೊಡಲೇಬೇಕು, ಆದರೆ ತಾಯಿ ಆಮೇಲೆ ತಮ್ಮ ಪಾಲು ಕೇಳಿದರೆ ಪಾಸ್‌ಬುಕ್ ತೋರಿಸಿ ತಪ್ಪಿಸಿಕೊಳ್ಳಲಾಗದು. ಪೂರ್ತಿ ಹೆಂಡತಿಗೇ ಸೇರಬೇಕೆಂದಿದ್ದರೆ ಎಫ್‌ಡಿ ನಂಬರ್ ಹಾಕಿ ವಿಲ್ ಬರೆಯಿರಿ.

ಇನ್ನೊಂದು: ಐದರ್ ಆರ್ ಸರ್ವೈವರ್ ಖಾತೆಯಲ್ಲಿ ಒಬ್ಬರು ‘ವ್ಯವಹಾರ ನಿಲ್ಲಿಸಿ’ ಎಂದು ಬರೆದುಕೊಟ್ಟರೆ ಬ್ಯಾಂಕ್ ನಿಲ್ಲಿಸುತ್ತದೆ. ಮತ್ತೆ ತೆರೆಯಲು ಇಬ್ಬರೂ ಸಹಿ ಮಾಡಬೇಕು. ದಂಪತಿ ಬೇರೆಯಾಗುವಾಗ ಎಷ್ಟೋ ಸಲ ಮೊದಲು ನಿಲ್ಲುವುದು ಮನೆ ನಡೆಯುವ ಖಾತೆಯೇ.

ರಾಘು

ಒಪ್ಪಿದೆ. ಆದರೆ ನನ್ನ ಆ್ಯಪ್‌ನಲ್ಲಿ ಜಂಟಿ ಎಫ್‌ಡಿಗೂ ‘ಕ್ಲೋಸ್’ ಬಟನ್ ಬರುತ್ತದಲ್ಲ, ಎರಡನೇ ಸಹಿ ಯಾರೂ ಕೇಳಲ್ಲ. ಮತ್ತೆ ಗಂಡ ತೀರಿಕೊಂಡಿಲ್ಲ, ಐಸಿಯುನಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದಾರೆ ಅಂತಿಟ್ಕೊಳ್ಳಿ. ಆಗ?

ವಸಂತಾ

ಬಟನ್ ವಿಷಯ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಕೆಲವು ಕಡೆ ಎಫ್‌ಡಿ ಅರ್ಜಿಯ ಷರತ್ತಿನಲ್ಲೇ ‘ಒಬ್ಬರ ಕೋರಿಕೆಯ ಮೇಲೆ ಮುಂಚಿತವಾಗಿ ಮುಚ್ಚಬಹುದು’ ಎಂದು ಇಬ್ಬರ ಒಪ್ಪಿಗೆ ಪಡೆದಿರುತ್ತಾರೆ. ಹಾಗಿಲ್ಲದಿದ್ದರೂ ಬಟನ್ ಕೆಲಸ ಮಾಡಿದರೆ, ನಾಳೆ ತಕರಾರು ಬಂದಾಗ ಬ್ಯಾಂಕ್ ಏನನ್ನುತ್ತದೆ ಎಂದು ಇಲ್ಲಿ ಕೂತು ಹೇಳಲಾಗದು. ನಿಮ್ಮ ಶಾಖೆಯಲ್ಲಿ ಷರತ್ತಿನ ಪ್ರತಿ ಕೇಳಿ.

ಐಸಿಯು ಪ್ರಶ್ನೆ ನಿಜಕ್ಕೂ ಕಷ್ಟದ್ದು. ಸರ್ವೈವರ್ ಅಧಿಕಾರಪತ್ರ ಮರಣದ ನಂತರ ಮಾತ್ರ ನಡೆಯುತ್ತದೆ, ಆಸ್ಪತ್ರೆಯ ಬಿಲ್ಲಿಗೆ ಬರುವುದಿಲ್ಲ. ಪ್ರಜ್ಞೆ ಇದ್ದು ಸಹಿ ಮಾಡಲಾಗದವರಿಗೆ ದಾರಿ ಇದೆ: ಹೆಬ್ಬೆಟ್ಟಿನ ಅಥವಾ ಕಾಲ್ಬೆರಳಿನ ಗುರುತನ್ನು ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳ ಮುಂದೆ ಪಡೆಯುತ್ತಾರೆ, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ. ಪ್ರಜ್ಞೆಯೇ ಇಲ್ಲದವರಿಗೆ ಅದೂ ಆಗದು. ಅದಕ್ಕೇ ಮಂಜುನಾಥ್, ನಿಮ್ಮ 8 ಲಕ್ಷವನ್ನು ಒಂದೇ ಎಫ್‌ಡಿಯಲ್ಲಿ ಕಟ್ಟಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಈ ಎಫ್‌ಡಿಯ ಅವಧಿ ಮುಗಿದ ಮೇಲೆ ಎರಡು ಲಕ್ಷವನ್ನು ಪತ್ನಿಯೊಬ್ಬರ ಹೆಸರಿನ ಎಫ್‌ಡಿ ಮಾಡಿ, ಅದನ್ನು ಅವರ ಸಹಿಯೊಂದಕ್ಕೇ ಮುರಿಯಬಹುದು. ಅದರ ಬಡ್ಡಿಯನ್ನು ಮಾತ್ರ ನಿಮ್ಮ ಆದಾಯಕ್ಕೇ ಸೇರಿಸಿ ತೋರಿಸಬೇಕು.

ಮಂಜುನಾಥ

ಇವತ್ತು ಹೋಗಿದ್ದೆ. ಹೆಸರು ಸೇರಿಸುವ ಅರ್ಜಿ ತಗೊಂಡರು. ಅಧಿಕಾರಪತ್ರಕ್ಕೆ ಮಾತ್ರ ‘ನಮ್ಮ ಫಾರ್ಮ್‌ನಲ್ಲಿ ಅದಕ್ಕೆ ಕಾಲಂ ಇಲ್ಲ’ ಅಂದರು.

ವಸಂತಾ

ಕಾಲಂ ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ ಹೀಗೆ ಬರೆಯಿರಿ:

‘ಎಫ್‌ಡಿ ಸಂಖ್ಯೆ ______, ನಮ್ಮಿಬ್ಬರ ಹೆಸರಿನಲ್ಲಿ ಐದರ್ ಆರ್ ಸರ್ವೈವರ್ ವಿಧಾನದಲ್ಲಿದೆ. ನಮ್ಮಲ್ಲಿ ಒಬ್ಬರು ಮರಣ ಹೊಂದಿದರೆ, ಉಳಿದವರು ಕೇಳಿದಾಗ, ಮೃತರ ವಾರಸುದಾರರ ಒಪ್ಪಿಗೆ ಇಲ್ಲದೆಯೇ ಈ ಠೇವಣಿಯನ್ನು ಅವಧಿಗೆ ಮುಂಚೆ ಪಾವತಿಸಲು ನಾವಿಬ್ಬರೂ ಈ ಮೂಲಕ ಅಧಿಕಾರ ಕೊಡುತ್ತಿದ್ದೇವೆ. ನವೀಕರಣವಾದ ಅವಧಿಗಳಿಗೂ ಇದು ಅನ್ವಯಿಸುತ್ತದೆ.’

ಇಬ್ಬರೂ ದಾಖಲೆಯಲ್ಲಿರುವ ಸಹಿಯನ್ನೇ ಮಾಡಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಶಾಖೆಯ ಮೊಹರು, ತಾರೀಕು, ಪಡೆದವರ ಸಹಿ ಹಾಕಿಸಿಕೊಂಡು ಎಫ್‌ಡಿ ರಸೀದಿಯ ಜೊತೆಗಿಡಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಮ್ಯಾನೇಜರ್ ಹೆಸರಿಗೆ ಕಳಿಸಿ. ವಾರ ಬಿಟ್ಟು ಹೋಗಿ, ಅದು ಎಫ್‌ಡಿಯ ದಾಖಲೆಯಲ್ಲಿ ಸೇರಿದೆಯೇ ಎಂದು ಕೇಳಿ. ಕಡತದಲ್ಲಿ ಮಾತ್ರ ಉಳಿದ ಪತ್ರ ಶಾಖೆ ಬದಲಾದಾಗ ಹಿಂದೆಯೇ ಬಿದ್ದುಹೋಗುತ್ತದೆ.