ಅಪ್‌ಡೇಟ್: ಅಕ್ಕನ ಫೇಸ್‌ಬುಕ್ ಖಾತೆ ಸ್ಮರಣಾರ್ಥವಾದ ಮೇಲೆ

ನಾನು ಕೇಳಿದ್ದು: "ಅಕ್ಕ ತೀರಿಕೊಂಡಳು. ತನ್ನ ನಂತರ ಫೇಸ್‌ಬುಕ್ ಖಾತೆ ನೋಡಿಕೊಳ್ಳಲು ನನ್ನನ್ನು ಲೆಗಸಿ ಕಾಂಟ್ಯಾಕ್ಟ್ ಮಾಡಿದ್ದಳು. ಖಾತೆಯನ್ನು ಸ್ಮರಣಾರ್ಥ ಮಾಡಿಸಿದರೆ ಅವಳ ಫೋಟೋ, ಮೆಸೇಜು ನನಗೆ ಸಿಗುತ್ತವಾ?"

ಮರಣ ಪ್ರಮಾಣಪತ್ರ ಲಗತ್ತಿಸಿ ಕೋರಿಕೆ ಸಲ್ಲಿಸಿದೆ. ಈಗ ಅವಳ ಹೆಸರಿನ ಬಳಿ "Remembering" ಎಂದು ಕಾಣುತ್ತದೆ. ಹುಟ್ಟುಹಬ್ಬದ ನೆನಪೋಲೆ ಇನ್ನು ಯಾರಿಗೂ ಹೋಗುವುದಿಲ್ಲ. ಅಮ್ಮನಿಗೆ ಅದೊಂದು ದೊಡ್ಡ ಸಮಾಧಾನ.

ಲೆಗಸಿ ಕಾಂಟ್ಯಾಕ್ಟ್ ಅಂದರೆ ಖಾತೆಯ ಕೀಲಿಕೈ ಕೊಟ್ಟ ಹಾಗೆ ಅಂದುಕೊಂಡಿದ್ದೆ. ಹಾಗಲ್ಲ. ಪಾಸ್‌ವರ್ಡ್ ಗೊತ್ತಿದ್ದರೂ ಅವಳ ಖಾತೆಗೆ ಯಾರೂ ಲಾಗಿನ್ ಆಗುವಂತಿಲ್ಲ. ನಾನು ನನ್ನ ಖಾತೆಯಿಂದಲೇ ಕೆಲವು ಕೆಲಸ ಮಾಡಬಹುದು, ಅಷ್ಟೇ. ಪ್ರೊಫೈಲ್ ಫೋಟೋ ಬದಲಿಸಿದೆ. ಪುಣ್ಯತಿಥಿಯ ವಿವರ ಬರೆದು ಪುಟದ ಮೇಲ್ಭಾಗದಲ್ಲಿ ಪಿನ್ ಮಾಡಿದೆ. ಚಿಕ್ಕಪ್ಪ ಹೊಸದಾಗಿ ಖಾತೆ ತೆರೆದು ಕಳಿಸಿದ ಫ್ರೆಂಡ್ ರಿಕ್ವೆಸ್ಟ್ ಒಪ್ಪಿಕೊಂಡೆ. ಅವಳ ಪರವಾಗಿ ನಾನೇ ರಿಕ್ವೆಸ್ಟ್ ಕಳಿಸಲು ಮಾತ್ರ ಆಗದು, ಇರುವ ಸ್ನೇಹಿತರನ್ನು ತೆಗೆಯಲೂ ಆಗದು.

ಮೆಸೇಜುಗಳು ಸಿಗಲಿಲ್ಲ, ಸಿಗುವುದೂ ಇಲ್ಲ. ಮೊದಲು ಅತ್ತುಬಿಟ್ಟೆ. ಆಮೇಲೆ ಯೋಚಿಸಿದಾಗ, ಅವಳೊಂದಿಗೆ ಮನಸ್ಸು ಬಿಚ್ಚಿ ಮಾತಾಡಿದವರ ಗುಟ್ಟೂ ಅದರಲ್ಲಿದೆ, ಇದೇ ಸರಿ ಅನ್ನಿಸಿತು.

ಫೋಟೋಗಳ ಪ್ರತಿ ಇಳಿಸಿಕೊಳ್ಳಲು ಸಾಧ್ಯವಾಗಿದ್ದು ಅವಳು ಬದುಕಿದ್ದಾಗಲೇ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಅನುಮತಿ ಕೊಟ್ಟಿದ್ದರಿಂದ. ನನ್ನನ್ನು ಆರಿಸಿದ್ದೂ ಅವಳೇ. ಸತ್ತ ಮೇಲೆ ಮನೆಯವರು ಯಾರನ್ನೂ ಆ ಜಾಗಕ್ಕೆ ಸೇರಿಸಲು ಆಗುವುದಿಲ್ಲ.

ಖಾತೆಯನ್ನೇ ಅಳಿಸಿ ಎಂದು ಕೋರುವ ಹಕ್ಕೂ ನನಗಿದೆ. ಸದ್ಯಕ್ಕೆ ಅದನ್ನು ಮುಟ್ಟಿಲ್ಲ. ಅಮ್ಮ ದಿನವೂ ಆ ಪುಟ ತೆರೆದು ನೋಡುತ್ತಾರೆ.