ಸ್ನಾನ ಆದಮೇಲೆ ಕಿವಿ ಮುಚ್ಚಿದೆ: ಪೆರಾಕ್ಸೈಡ್ ಹಾಕಬಹುದಾ?

ಕಡಲಹಕ್ಕಿ: ತಲೆಗೆ ಸ್ನಾನ ಮಾಡಿ ಬಂದಮೇಲೆ ಬಲಗಿವಿ ಗಪ್ಪಂತ ಮುಚ್ಚಿಕೊಂಡಿದೆ. ಇವತ್ತಿಗೆ 3 ದಿನ. ನೋವಿಲ್ಲ, ಸೋರುತ್ತಿಲ್ಲ. ಬಡ್ಸ್ ಹಾಕಿ ನೋಡಿದೆ, ಹತ್ತಿ ಬೆಳ್ಳಗೇ ಬಂತು, ಹಾಗಾಗಿ ಗುಗ್ಗೆ ಅಲ್ಲ ಅನ್ಸುತ್ತೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬಿಟ್ಟುಕೊಳ್ಳುತ್ತಾ?

ಗಾಳಿಪಟ: ನೀರು ಕೂತಿದೆ ಅಷ್ಟೇ. ತಲೆಯನ್ನು ಬಲಕ್ಕೆ ವಾಲಿಸಿ ಕಿವಿಯನ್ನು ಮೇಲಕ್ಕೆ ಎಳೆದು ಹಿಡಿಯಿರಿ, ಇಳಿದುಹೋಗುತ್ತೆ. ನನ್ನ ಹಿಯರಿಂಗ್ ಏಡ್ ಒಂದು ವಾರದಿಂದ ಶಿಳ್ಳೆ ಹಾಕ್ತಾ ಇದೆ, ಅದಕ್ಕೂ ಇದೇ ಕಾರಣವಾ?

ಬೆಳ್ಳಿಚುಕ್ಕಿ: ಬರೀ ನೀರಾಗಿದ್ದರೆ 3 ದಿನ ನಿಲ್ಲುವುದು ಅಪರೂಪ. ಹತ್ತಿ ಬೆಳ್ಳಗೆ ಬಂತು ಅಂದರೆ ಗುಗ್ಗೆ ಇಲ್ಲ ಅಂತಲ್ಲ, ಅದು ಬಡ್ಸಿಗೂ ಮುಂದೆ ಹೋಗಿ ಕೂತಿರಬಹುದು. ಕಿವಿಯ ನಾಳ ಸುಮಾರು 2.5 ಸೆಂ.ಮೀ. ಉದ್ದ. ಗುಗ್ಗೆ ಹುಟ್ಟುವ ಗ್ರಂಥಿಗಳು ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಇವೆ. ಅಲ್ಲಿಯ ಜಿಡ್ಡಿಗೆ ಸತ್ತ ಚರ್ಮದ ಪದರ ಸೇರಿ ಗುಗ್ಗೆಯಾಗುತ್ತದೆ. ನಾಳದ ಚರ್ಮ ತಮಟೆಯಿಂದ ಹೊರಗಡೆಗೆ ಉಗುರು ಬೆಳೆದ ಹಾಗೆ ನಿಧಾನವಾಗಿ ಸರಿಯುತ್ತಾ ಇರುತ್ತದೆ, ಗುಗ್ಗೆಯೂ ಅದರ ಜೊತೆ ಬಾಗಿಲಿಗೆ ಬರುತ್ತದೆ. ಬಡ್ಸ್ ಇದನ್ನು ಎದುರು ದಿಕ್ಕಿಗೆ ನೂಕಿ ಒಳಗಿನ ಕಿರಿದಾದ ಜಾಗದಲ್ಲಿ ಗಿಡಿಯುತ್ತದೆ. ಸ್ನಾನದ ನೀರು ಸಿಕ್ಕ ಕೂಡಲೇ ಆ ಗಟ್ಟಿ ಉಂಡೆ ಉಬ್ಬಿ, ಉಳಿದಿದ್ದ ಸಣ್ಣ ಸಂದನ್ನೂ ಮುಚ್ಚುತ್ತದೆ.

ಆದರೆ ಏನನ್ನಾದರೂ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಬಾಯಿ ಮುಚ್ಚಿ 'ಮ್‌ಮ್‌ಮ್' ಅಂತ ಗುನುಗಿ. ಸದ್ದು ಯಾವ ಕಿವಿಯಲ್ಲಿ ಜೋರಾಗಿ ಕೇಳುತ್ತೆ ಹೇಳಿ.

ಗಾಳಿಪಟ ಅವರೇ, ಹೌದು, ನಾಳದಲ್ಲಿ ಗುಗ್ಗೆ ಅಡ್ಡ ಇದ್ದರೆ ಸದ್ದು ಅದಕ್ಕೆ ಬಡಿದು ಮೈಕಿಗೆ ವಾಪಸ್ ಬರುತ್ತದೆ, ಅದೇ ಶಿಳ್ಳೆ. ಏಡ್ ಕೂಡ ಬಡ್ಸ್ ಹಾಗೆಯೇ ಗುಗ್ಗೆ ಹೊರಬರುವ ದಾರಿ ತಡೆಯುತ್ತದೆ.

ನೇರನುಡಿ: "ಸತ್ತ ಚರ್ಮ" ಅಂತ ನೀವೇ ಹೇಳಿದ್ರಿ. ಅದನ್ನು ಬಿಡಿಸುವುದು ಪೆರಾಕ್ಸೈಡೇ. 3% ದ್ರಾವಣಕ್ಕೆ ಅಷ್ಟೇ ನೀರು ಬೆರೆಸಿ 4 ಹನಿ ಹಾಕಿ. ಬುರುಬುರು ನೊರೆ ಬಂತು ಅಂದರೆ ಗುಗ್ಗೆ ಕರಗ್ತಾ ಇದೆ. ಕಣ್ಣಿಗೆ ಕಾಣುವ ಸಾಕ್ಷಿ.

ಹೂಬಿಸಿಲು: ನೊರೆ ಯಾವ ಸಾಕ್ಷಿಯೂ ಅಲ್ಲ ರೀ. ನಮ್ಮ ಜೀವಕೋಶಗಳಲ್ಲಿರುವ ಕೆಟಲೇಸ್ ಅನ್ನೋ ಕಿಣ್ವ ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡುತ್ತೆ, ಆ ಆಮ್ಲಜನಕವೇ ನೊರೆ. ಗಾಯದ ಮೇಲೆ ಹಾಕಿದರೂ ನೊರೆ ಬರುತ್ತೆ, ಅಲ್ಲೇನು ಗುಗ್ಗೆ ಇರುತ್ತಾ? ಬರೀ ಆಲಿವ್ ಎಣ್ಣೆ ಸಾಕು, ಚರ್ಮಕ್ಕೂ ಉರಿಯಿಲ್ಲ.

ನೇರನುಡಿ: "ಬರೀ ಎಣ್ಣೆ ಸಾಕು"? ಗುಗ್ಗೆಯ ಉಂಡೆಯನ್ನು ಒಂದು ಗಾಜಿನ ನಳಿಕೆಯಲ್ಲಿ ನೀರಿಗೆ, ಇನ್ನೊಂದರಲ್ಲಿ ಎಣ್ಣೆಗೆ ಹಾಕಿ ಇಟ್ಟು ನೋಡಿ. ನೀರಿನಲ್ಲಿರೋದು ಉಬ್ಬಿ ಚೂರಾಗುತ್ತೆ. ಎಣ್ಣೆಯಲ್ಲಿರೋದು ಹಾಗೇ ಕೂತಿರುತ್ತೆ. ಉಂಡೆಯನ್ನು ಹಿಡಿದಿರೋದು ಚರ್ಮದ ಕೆರಾಟಿನ್, ಅದು ಎಣ್ಣೆಗೆ ಬಗ್ಗಲ್ಲ.

ಹೂಬಿಸಿಲು: ನಳಿಕೆ ಕಿವಿಯಲ್ಲ. ನಳಿಕೆಯಲ್ಲಿ ಉಂಡೆಯ ಸುತ್ತಲೂ ದ್ರವ ಇರುತ್ತೆ. ಕಿವಿಯಲ್ಲಿ ಒಂದು ಮುಖಕ್ಕೆ ಮಾತ್ರ ನಾಲ್ಕು ಹನಿ ತಾಗುತ್ತೆ. ಕಿವಿಯೊಳಗೇ ಹಾಕಿ ನೋಡಿದ ಪ್ರಯೋಗಗಳನ್ನೆಲ್ಲ ಸೇರಿಸಿ ಕಾಕ್ರೇನ್ ಸಂಸ್ಥೆ 2018ರಲ್ಲಿ ವರದಿ ಕೊಟ್ಟಿದೆ. ಯಾವ ಹನಿಯೂ ಇನ್ನೊಂದಕ್ಕಿಂತ ಮೇಲು ಅಂತ ಸಾಬೀತಾಗಿಲ್ಲ.

ನೇರನುಡಿ: "ಸಾಬೀತಾಗಿಲ್ಲ" ಅನ್ನೋದು "ಎಲ್ಲ ಒಂದೇ" ಅಂತ ಸಾಬೀತಾದ ಹಾಗಲ್ಲ! ಅದೇ ವರದಿಯಲ್ಲಿ ಪ್ರಯೋಗಗಳ ಗುಣಮಟ್ಟ ಸಾಲದು ಅಂತಲೂ ಇದೆ. ಅದನ್ನು ಯಾಕೆ ನುಂಗಿದ್ರಿ?

ಹೂಬಿಸಿಲು: ನುಂಗಿಲ್ಲ. ನೀವು ನೊರೆಯಿಂದ ಶುರುಮಾಡಿ ನಳಿಕೆಗೆ ಹೋದ್ರಿ, ಈಗ ಗುಣಮಟ್ಟಕ್ಕೆ ಬಂದ್ರಿ. ನೊರೆ ಸಾಕ್ಷಿಯಾ ಅಲ್ವಾ, ಅಷ್ಟಕ್ಕೆ ಉತ್ತರ ಕೊಡಿ.

ನೇರನುಡಿ: ನೊರೆಯ ಗುಳ್ಳೆ ಉಂಡೆಯ ಪದರಗಳ ನಡುವೆ ನುಗ್ಗಿ ಸಡಿಲ ಮಾಡುತ್ತೆ. "ಕರಗ್ತಾ ಇದೆ" ಬದಲು "ಸಡಿಲ ಆಗ್ತಾ ಇದೆ" ಅಂತ ಓದಿಕೊಳ್ಳಿ, ನನ್ನ ಮಾತು ಬದಲಾಗಲ್ಲ.

ಗಾಳಿಪಟ: ಇದೆಲ್ಲ ರಾಸಾಯನಿಕ ಯಾಕೆ? ಕಿವಿಗೆ ಇಡುವ ಟೊಳ್ಳು ಮೇಣದಬತ್ತಿ ಸಿಗುತ್ತಲ್ಲ, ಉರಿಯುವಾಗ ಗುಗ್ಗೆಯನ್ನು ಎಳೆದುಕೊಳ್ಳುತ್ತೆ. ಆಮೇಲೆ ಬಿಚ್ಚಿದರೆ ಒಳಗೆ ಹಳದಿ ಪುಡಿ ಇರುತ್ತೆ.

ಬೆಳ್ಳಿಚುಕ್ಕಿ: ದಯವಿಟ್ಟು ಬೇಡ. ಆ ಹಳದಿ ಪುಡಿ ಬತ್ತಿಯದ್ದೇ ಮೇಣ. ಕಿವಿಗೆ ಇಡದೆ ಸುಮ್ಮನೆ ಉರಿಸಿದರೂ ಅದೇ ಪುಡಿ ಸಿಗುತ್ತದೆ. 1996ರಲ್ಲಿ ಅಳೆದು ನೋಡಿದಾಗ ಯಾವ ಎಳೆತವೂ ಕಾಣಲಿಲ್ಲ, ಕೆಲವರ ಕಿವಿಯೊಳಗೆ ಬತ್ತಿಯ ಮೇಣವೇ ಬಿದ್ದಿತ್ತು. ಕಡಲಹಕ್ಕಿ, ಗುನುಗಿ ನೋಡಿದ್ರಾ?

ಕಡಲಹಕ್ಕಿ: ನೋಡಿದೆ. ಬಲಗಿವಿಯಲ್ಲೇ ಜೋರು. ಮುಚ್ಚಿರೋ ಕಿವಿಯಲ್ಲಿ ಜೋರಾಗಿ ಕೇಳೋದು ವಿಚಿತ್ರ ಅನ್ಸಿತು.

ಬೆಳ್ಳಿಚುಕ್ಕಿ: ವಿಚಿತ್ರ ಅಲ್ಲ. ನಾಳದಲ್ಲಿ ಅಡ್ಡ ಇದ್ದರೆ ತಲೆಬುರುಡೆಯ ಮೂಲಕ ಬಂದ ಸದ್ದು ಹೊರಗೆ ಹೋಗಲಾರದೆ ಅಲ್ಲೇ ಮೊಳಗುತ್ತದೆ. ಒಳಗಿವಿಯ ನರಕ್ಕೆ ಪೆಟ್ಟಾಗಿದ್ದರೆ ಸದ್ದು ಚೆನ್ನಾಗಿರುವ ಎಡಗಿವಿಗೆ ಹೋಗುತ್ತಿತ್ತು. ಹಾಗಾಗಿದ್ದರೆ ಎಣ್ಣೆ, ನೀರು ಎಲ್ಲ ಬಿಟ್ಟು ಇವತ್ತೇ ಕಿವಿ ಡಾಕ್ಟರ ಹತ್ತಿರ ಹೋಗಿ ಅನ್ನುತ್ತಿದ್ದೆ, ಯಾಕೆಂದರೆ ಅದರ ಚಿಕಿತ್ಸೆ ಮೊದಲ ಎರಡು ವಾರದೊಳಗೆ ಶುರುವಾಗಬೇಕು. ಗುಗ್ಗೆಯೇ ಅಂತ ಇದರಿಂದ ಖಚಿತವಾಗಲ್ಲ, ಆದರೆ ಆ ದಿಕ್ಕಿಗಿದೆ.

ತಮಟೆಯಲ್ಲಿ ತೂತು, ಹಿಂದೆ ಆಪರೇಷನ್, ಸಕ್ಕರೆ ಕಾಯಿಲೆ, ಇವು ಯಾವುದೂ ಇಲ್ಲದಿದ್ದರೆ ಮಾತ್ರ ಮುಂದಿನದು. ಎಡಮಗ್ಗುಲಿಗೆ ಮಲಗಿ, ಮೈ ಬಿಸಿಯಷ್ಟು ಬೆಚ್ಚಗಿನ ಆಲಿವ್ ಎಣ್ಣೆ ಅಥವಾ 5% ಸೋಡಿಯಂ ಬೈಕಾರ್ಬನೇಟ್ ಹನಿ 3–4 ಬಿಟ್ಟು 5 ನಿಮಿಷ ಹಾಗೇ ಇರಿ. ದಿನಕ್ಕೆ ಎರಡು ಸಲ, 3ರಿಂದ 5 ದಿನ. ಮೊದಲೆರಡು ದಿನ ಇನ್ನೂ ಮುಚ್ಚಿಕೊಂಡ ಹಾಗಾದರೆ ಗಾಬರಿ ಬೇಡ, ಉಂಡೆ ಉಬ್ಬಿರುತ್ತದೆ. ಹನಿಯ ರುಚಿ ಗಂಟಲಿಗೆ ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ತಮಟೆಯಲ್ಲಿ ತೂತಿರಬಹುದು.

ಆಮೇಲೂ ಬಿಡದಿದ್ದರೆ ರಬ್ಬರ್ ಬಲ್ಬಿನಲ್ಲಿ 37 ಡಿಗ್ರಿ ನೀರು. ಕೂತುಕೊಂಡೇ ಮಾಡಿ. ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಮೂತಿಯನ್ನು ಬಾಗಿಲಲ್ಲೇ ಇಟ್ಟು, ನಾಳದ ಮೇಲ್ಗೋಡೆಯ ಕಡೆಗೆ ಮೆಲ್ಲಗೆ ಒತ್ತಿ. ನೀರು ಉಂಡೆಯ ಹಿಂದೆ ಹೋಗಿ ಹೊರಕ್ಕೆ ನೂಕಬೇಕು. ನೇರ ಹೊಡೆದರೆ ಇನ್ನೂ ಒಳಗೆ ಹೋಗುತ್ತದೆ. ತಣ್ಣೀರಾದರೆ ಒಳಗಿವಿಯ ದ್ರವ ಕದಡಿ ಕೂತ ಜಾಗದಲ್ಲೇ ತಲೆ ಗಿರ್ರೆನ್ನುತ್ತದೆ. ನೋವು ಬಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ನೇರನುಡಿ: "ಆಮೇಲೂ ಬಿಡದಿದ್ದರೆ ನೀರು". ಕೊನೆಗೆ ಕೆಲಸ ಮಾಡೋದು ನೀರೇ ಅಂತಾಯ್ತಲ್ಲ. ನಾನು ಬೇರೆ ಏನು ಹೇಳಿದೆ?

ಹೂಬಿಸಿಲು: ನೀವು ಹೇಳಿದ್ದು ಪೆರಾಕ್ಸೈಡ್. ಮತ್ತೆ ಆ ಪಟ್ಟಿಯಲ್ಲಿ ಮೊದಲು ಇರೋದು ಎಣ್ಣೆ.

ನೇರನುಡಿ: "ಅಥವಾ" ಅನ್ನೋದನ್ನೂ ಓದಿ. ಬೈಕಾರ್ಬನೇಟ್ ಹನಿ ನೀರಿನದ್ದೇ.

ಕಡಲಹಕ್ಕಿ: ಸಕ್ಕರೆ ಕಾಯಿಲೆ ಇಲ್ಲ. ಚಿಕ್ಕಂದಿನಲ್ಲಿ ಬಲಗಿವಿ ಸೋರುತ್ತಿತ್ತು ಅಂತ ಮನೇಲಿ ಹೇಳ್ತಾರೆ, ಅದೂ ಲೆಕ್ಕಕ್ಕೆ ಬರುತ್ತಾ?

ಬೆಳ್ಳಿಚುಕ್ಕಿ: ಬರುತ್ತೆ. ಆಗಿನ ತೂತು ಮುಚ್ಚಿದೆಯೋ ಇಲ್ಲವೋ ಹೊರಗಿನಿಂದ ತಿಳಿಯಲ್ಲ. ಒಂದು ಹನಿಯನ್ನೂ ಹಾಕಬೇಡಿ, ಮೊದಲು ಕಿವಿಯೊಳಗೆ ನೋಡಿಸಿ. ನೀರು ಹಾಕದೆ ಸಕ್ಷನ್ನಿನಿಂದ ತೆಗೆಯುತ್ತಾರೆ.

ನೇರನುಡಿ: ಮುಚ್ಚಿರೋದೇ ಹೆಚ್ಚು. ಅಷ್ಟಕ್ಕೆಲ್ಲ ಹೆದರಿಸಬೇಡಿ.